ಬೂದು ಚೌಕ

ರಾಮಮೋಹನ್ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೋದಂತೆ ಈ ಮಾತು ಹೇಳುವ ಮನಸ್ಸು ನನಗೆ ಉಳಿಯುವುದಿಲ್ಲ. ವಿಶಾಖಪಟ್ಟಣದ ಋಷಿಕೊಂಡ ಗುಡ್ಡದ ಮೇಲಿದ್ದ ನಮ್ಮ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಅವರು ಮ್ಯಾನೇಜರು. ಮದುವೆ, ಗೃಹಪ್ರವೇಶ ಅಂತ ಕೇಳಿದರೆ ಇಲ್ಲ ಅನ್ನದೆ ರಜೆ ಕೊಡುತ್ತಿದ್ದರು. ಆದರೆ ಒಂದು ನಿಯಮ ಮಾಡಿಟ್ಟಿದ್ದರು, ಅದರ ವಿಷಯಕ್ಕೆ ಬಂದರೆ ದೇವರು ಬಂದು ಹೇಳಿದರೂ ಕೇಳುವವರಲ್ಲ. ಹಸಿರಾಗದೆ ಸೀಟು ಬಿಡುವಂತಿಲ್ಲ ಎಂಬುದು ಆ ನಿಯಮ.

ಅದು ಏನೆಂದು ಬಿಡಿಸಿ ಹೇಳಬೇಕು. ನಾವು ಔಷಧಿ ಸಗಟು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಎಲ್ಲರೂ ಬರೆದ ಪ್ರೋಗ್ರಾಮನ್ನು ದಿನಾ ಬೆಳಿಗ್ಗೆ ಒಂದು ಕಂಪ್ಯೂಟರು ತಾನೇ ಒಟ್ಟುಮಾಡಿ, ಹಂತಹಂತವಾಗಿ ಮುಂದಕ್ಕೆ ಕಳಿಸುತ್ತಿತ್ತು. ಮೊದಲು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲ್, ಆಮೇಲೆ ಅದು ಸರಿಯಿದೆಯೇ ಅಂತ ನೋಡುವ ಟೆಸ್ಟ್, ಆಮೇಲೆ ಎಲ್ಲವನ್ನೂ ಕಟ್ಟಿಡುವ ಪ್ಯಾಕೇಜ್, ಕೊನೆಗೆ ಇನ್‌ಸ್ಟಾಲ್. ಪರದೆಯ ಮೇಲೆ ಸಾಲಾಗಿ ನಾಲ್ಕು ಚೌಕ, ಒಂದೊಂದರ ಕೆಳಗೂ ಅದನ್ನು ನೋಡಿಕೊಳ್ಳುವವರ ಹೆಸರು. ಹಂತ ಸರಿಯಾಗಿ ಮುಗಿದರೆ ಚೌಕ ಹಸಿರಾಗುತ್ತಿತ್ತು. ಹಸಿರಾಗದ ಚೌಕದ ಕೆಳಗೆ ಯಾರ ಹೆಸರಿದೆಯೋ ಅವರು ಅಂದು ಊಟಕ್ಕೆ ಎದ್ದರೂ ರಾಮಮೋಹನ್ ಗಡಿಯಾರ ನೋಡುತ್ತಿದ್ದರು.

ಈ ಚೌಕಗಳು ಹೊಸವು. ಅದಕ್ಕೆ ಮೊದಲು ನಮ್ಮಲ್ಲಿದ್ದದ್ದು ಹಳೆಯ ಕಾಲದ ಒಂದು ಸ್ಕ್ರಿಪ್ಟು, ಕಂಪ್ಯೂಟರಿಗೆ ಕೆಲಸಗಳನ್ನು ಸಾಲಾಗಿ ಹೇಳುವ ಪಟ್ಟಿ. ಅದಕ್ಕೆ ಹಿಂದುಮುಂದು ಗೊತ್ತಿರಲಿಲ್ಲ. ಒಂದು ಕೆಲಸ ಕೆಟ್ಟರೂ ನಿಲ್ಲದೆ ಮುಂದಿನದನ್ನು ಮಾಡಲು ಹೋಗುತ್ತಿತ್ತು, ಕೊನೆಗೆ ಯಾವುದು ಆಯಿತು ಯಾವುದು ಆಗಲಿಲ್ಲ ಅಂತ ಒಂದು ಮೇಲ್ ಕಳಿಸುತ್ತಿತ್ತು. ಅಲ್ಲಿ ಆಗಲಿಲ್ಲ ಅಂದರೆ ಮಾಡಲು ಹೋಗಿ ಕೆಟ್ಟಿತು ಅಂತಲೇ ಅರ್ಥ. ರಾಮಮೋಹನ್ ನಿಯಮ ಮಾಡಿದ್ದು ಆ ಕಾಲಕ್ಕೆ. ಚೌಕಗಳ ಹೊಸ ಪುಟ ಮಾಡಿಕೊಟ್ಟ ಗುರುದತ್ ಹೈದರಾಬಾದಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಹೊರಟುಹೋದ. ಹೋಗುವ ಮುಂಚೆ ಎಲ್ಲರನ್ನೂ ಕೂರಿಸಿ ಬಣ್ಣಗಳನ್ನು ವಿವರಿಸುತ್ತೇನೆ ಎಂದಿದ್ದ. ಬಿರಿಯಾನಿ ತಿನ್ನಿಸಿದ, ವಿವರಿಸಲಿಲ್ಲ. ಪುಟ ಹೊಸದಾಯಿತು, ನಿಯಮ ಹಳೆಯದೇ ಉಳಿಯಿತು.

ಪ್ಯಾಕೇಜ್ ಚೌಕದ ಕೆಳಗಿದ್ದ ಹೆಸರು ಉಮಾಪತಿ. ದಾವಣಗೆರೆಯ ಹುಡುಗ, ಮೂವತ್ತು ತುಂಬಿರಲಿಲ್ಲ. ನಾನು ತುಮಕೂರಿನವಳು, ಅವನಿಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು, ಟೆಸ್ಟಿಂಗ್ ವಿಭಾಗದ ಹಳೇ ಪೆಟ್ಟಿಗೆ. ನನ್ನ ಬಾಯಿಗೆ ಹೆದರಿ ಉಳಿದವರು ದೂರ ಕೂತರೆ ಇವನು ಪಕ್ಕದಲ್ಲೇ ಬಂದು ಕೂತು, ಕಮಲಕ್ಕ ಅಂತ ಕರೆದು, ನನ್ನ ಉಪ್ಪಿನಕಾಯಿಗೆ ಕೈ ಹಾಕುತ್ತಿದ್ದ. ಮೃದು ಸ್ವಭಾವ. ಏನಾದರೂ ತಪ್ಪಾಗಿದೆ ಅಂತ ಗಾಳಿಯಲ್ಲಿ ಕೇಳಿದರೂ ಸಾಕು, ತನ್ನದೇ ಇರಬೇಕು ಅಂದುಕೊಂಡು ಹುಡುಕಲು ಕೂರುವ ಜಾತಿ. ಅಂಥವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಕರುಳೂ ಚುರುಕ್ ಅನ್ನುತ್ತದೆ.

ಮೂರು ವರ್ಷದ ಹಿಂದೆ ಅವನು ಭೀಮುನಿಪಟ್ಟಣದ ದೀಪಿಕಾ ಎಂಬ ಹುಡುಗಿಯನ್ನು ಮದುವೆಯಾದ. ಮೀನುಗಾರರ ಮನೆಯವಳು. ಅವನ ಅಪ್ಪ ದೊಡ್ಡಯ್ಯ ಬೆಳಗಾದರೆ ವಿಭೂತಿ ಧರಿಸಿ ಲಿಂಗಪೂಜೆ ಮಾಡದೆ ನೀರೂ ಮುಟ್ಟದ ಮನುಷ್ಯ. ಹೊಸಿಲಲ್ಲೇ ನಿಲ್ಲಿಸಿ, ನೀನು ನನ್ನ ಮುಖ ನೋಡಬೇಡ ಅಂದರಂತೆ. ಇವನು ನೋಡಲಿಲ್ಲ. ಹೆಂಡತಿಯ ಜೊತೆ ವಿಶಾಖಪಟ್ಟಣದ ಅಂಚಿನ ಪೆಂದುರ್ತಿಯಲ್ಲಿ ಮನೆ ಮಾಡಿ ತೆಪ್ಪಗಿದ್ದುಬಿಟ್ಟ. ಉಮಾಪತಿಯ ತಾಯಿ ತೀರಿಕೊಂಡ ಮೇಲೆ ದೊಡ್ಡಯ್ಯ ಮಗಳು ಅನ್ನಪೂರ್ಣಳ ಮನೆಗೆ ಬಂದರು. ಅವಳ ಗಂಡನಿಗೆ ವಿಜಯವಾಡದ ರೈಲ್ವೆಯಲ್ಲಿ ಕೆಲಸ. ಅಪ್ಪ ಇರುವುದು ಒಂದು ಹಗಲಿನ ರೈಲು ದಾರಿಯಲ್ಲಿ ಅಂತ ಗೊತ್ತಿದ್ದೂ ಮಗ ಹೋಗಲಿಲ್ಲ, ಮಗ ಇರುವುದು ಅಷ್ಟೇ ದೂರದಲ್ಲಿ ಅಂತ ಗೊತ್ತಿದ್ದೂ ಅಪ್ಪ ಕರೆಯಲಿಲ್ಲ.

ಎರಡು ಸಾವಿರದ ಒಂಬತ್ತರ ಜುಲೈ ಮೊದಲ ದಿನ ಅಪ್ಪ ಕರೆದರು.

ನಾನು ಆ ವಾರ ವಿಜಯವಾಡದಲ್ಲಿದ್ದೆ. ಒನ್‌ಟೌನಿನ ಒಂದು ಔಷಧಿ ಗೋದಾಮಿಗೆ ನಮ್ಮ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿಸುವ ಕೆಲಸ. ಬೆಳಿಗ್ಗೆ ಲಾಡ್ಜಿನಲ್ಲಿ ತಿಂಡಿ ತಿನ್ನುತ್ತಿದ್ದಾಗ ಉಮಾಪತಿಯ ಫೋನು. ಅಪ್ಪನಿಗೆ ಹಿಂದಿನ ಸಂಜೆ ಎದೆ ನೋವು ಬಂದು ಆಸ್ಪತ್ರೆಗೆ ಸೇರಿಸಿದ್ದಾರೆ, ಗುಂಟೂರಿನಿಂದ ಸರ್ಜನ್ ಸಂಜೆಗೆ ಬಂದು ಆಪರೇಷನ್ ಮಾಡುತ್ತಾರೆ, ಒಳಗೆ ಕರೆದುಕೊಂಡು ಹೋಗುವುದರೊಳಗೆ ಮಗನನ್ನು ನೋಡಬೇಕು ಅಂತ ಅಪ್ಪ ಹಟ ಹಿಡಿದಿದ್ದಾರೆ ಎಂದ. ಆಫೀಸಿಗೆ ಹೋಗಿ ರಜೆ ಹೇಳಿ, ಮಧ್ಯಾಹ್ನದ ರತ್ನಾಚಲ್ ಎಕ್ಸ್‌ಪ್ರೆಸ್ಸಿಗೆ ದೀಪಿಕಾಳನ್ನೂ ಕರೆದುಕೊಂಡು ಹೊರಡುತ್ತೇನೆ, ಕತ್ತಲಾಗುವ ಹೊತ್ತಿಗೆ ಅಲ್ಲಿರುತ್ತೇನೆ, ಅಷ್ಟರವರೆಗೆ ನೀವು ಒಂದು ಸಲ ಅಕ್ಕ ಅನ್ನಪೂರ್ಣಳ ಜೊತೆ ಇದ್ದು ಬರುತ್ತೀರಾ ಎಂದು ಕೇಳಿದ. ನಾನು ಅರ್ಧ ಇಡ್ಲಿ ಬಿಟ್ಟು ಎದ್ದೆ.

ದೊಡ್ಡಯ್ಯನವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಮಗ್ಗಗಳ ಸದ್ದಿನ ನಡುವೆ ಜೀವನ ಕಳೆದವರು. ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು, ಅದೂ ಕನ್ನಡವಾದರೆ ಮಾತ್ರ. ಆ ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು, ಪಕ್ಕದ ಹಾಸಿಗೆಯವರು ಎಲ್ಲರ ತುಟಿಯೂ ತೆಲುಗು. ಮುದುಕ ಒಬ್ಬೊಬ್ಬರ ಮುಖವನ್ನೂ ನೋಡಿ ನೋಡಿ ಸುಸ್ತಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು ಹೋಗಿ ಎದುರಿಗೆ ಕೂತು, ಯಜಮಾನ್ರೇ, ನಾನು ನಿಮ್ಮ ಮಗನ ಆಫೀಸಿನವಳು ಅಂತ ನಿಧಾನವಾಗಿ ಹೇಳಿದಾಗ ಅವರ ಕಣ್ಣು ಅಗಲವಾಯಿತು.

"ಎಷ್ಟೊತ್ತಿಗೆ ಬರ್ತಾನಂತೆ?"

ಸಂಜೆಗೆ ಎಂದೆ. ಫೋನಿನಲ್ಲಿ ಮಾತಾಡಿಸೋಣ ಅಂದರೆ ಅವರಿಗೆ ಫೋನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಅವರು ಹೇಳಬಹುದಿತ್ತು, ಅವನ ಉತ್ತರ ಕೇಳಿಸುತ್ತಿರಲಿಲ್ಲ. ಏನಾದರೂ ಹೇಳುವುದಿದ್ದರೆ ನಾನೇ ಅವನಿಗೆ ತಿಳಿಸುತ್ತೇನೆ ಎಂದೆ. ದೊಡ್ಡಯ್ಯ ತಲೆ ಆಡಿಸಿದರು.

"ಬ್ಯಾಡಮ್ಮಾ. ಅವ್ನ ಮಾರಿ ನೋಡ್ಕೊಂಡೇ ಹೇಳ್ಬೇಕು ಅದನ್ನ. ನಾ ಹೇಳಿದ್ದಕ್ಕೆ ಅವ್ನೇನಂತಾನೆ ನೋಡ್ಬೇಕಲ್ಲ."

ಆಮೇಲೆ, ಅವನು ಒಬ್ಬನೇ ಬರುತ್ತಾನಾ ಅಂತ ಅನ್ನಪೂರ್ಣಳನ್ನು ಕೇಳಿದರು. ಇಲ್ಲ, ಇಬ್ಬರೂ ಬರುತ್ತಿದ್ದಾರೆ ಅಂತ ಅವಳು ಹೆದರುತ್ತಾ ಹೇಳಿದಳು. ಮುದುಕ ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಗೋಡೆಯ ಕಡೆ ತಿರುಗಿಕೊಂಡರು. ಅದು ಬೇಸರವೋ ಸಮಾಧಾನವೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಅಲ್ಲಿಂದ ಗೋದಾಮಿಗೆ ಹೋದೆ. ಅಲ್ಲಿ ಸ್ಟಾಕ್ ಎಣಿಕೆ ನಡೆದಿತ್ತು. ಮಾಲೀಕರು ನನ್ನನ್ನು ಕಂಡು, ಇವತ್ತು ಹೊಸ ಸಾಫ್ಟ್‌ವೇರು ಬೇಡವೇ ಬೇಡ ಅಮ್ಮಾ, ನಾಳೆಯೋ ನಾಡಿದ್ದೋ ಹಾಕಿ, ನಮಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ ಎಂದರು. ಸರಿ, ಇದನ್ನು ಆಫೀಸಿಗೆ ತಿಳಿಸೋಣ ಅಂತ ಮೂಲೆಯ ಕಂಪ್ಯೂಟರಿನಲ್ಲಿ ಮೇಲ್ ತೆರೆದೆ. ರಾಮಮೋಹನ್ ಕಳಿಸಿದ ಮೇಲ್ ಮೊದಲೇ ಬಂದು ಕೂತಿತ್ತು. ಅದರಲ್ಲಿ ಬೆಳಗಿನ ಪರದೆಯ ಚಿತ್ರ, ಮೇಲೆ ಒಂದು ಸಾಲು. ಮೂರು ಹಂತ ಕೆಟ್ಟಿವೆ, ಟೆಸ್ಟಿನ ಪ್ರಮೋದ್, ಪ್ಯಾಕೇಜಿನ ಉಮಾಪತಿ, ಕೊನೆಯ ಹಂತದ ವಿನಯ್ ಮೂವರೂ ಸೀಟಿನಲ್ಲಿ ಇರುತ್ತಾರೆ, ವಿಜಯವಾಡದವರು ಕಾಯಬೇಕು ಎಂದು.

ವಿಜಯವಾಡದವರು ಕಾಯುತ್ತಲೇ ಇರಲಿಲ್ಲ. ಕಾಯುತ್ತಿದ್ದವರು ಬೇರೆಯವರು.

ಚಿತ್ರ ತೆರೆದೆ. ಯಾರೋ ಪರದೆಯನ್ನು ಹಾಗೇ ತೆಗೆದು, ಚಿಕ್ಕದು ಮಾಡಿ ಕಳಿಸಿದ್ದರು, ಅಕ್ಷರಗಳು ಕಲಸಿಹೋಗಿದ್ದವು. ಬಣ್ಣ ಮಾತ್ರ ಕಾಣುತ್ತಿತ್ತು. ಕಂಪೈಲ್ ಹಸಿರು. ಟೆಸ್ಟ್ ಕೆಂಪು. ಪ್ಯಾಕೇಜ್ ಬೂದು. ಇನ್‌ಸ್ಟಾಲ್ ಬೂದು. ಚಿತ್ರವನ್ನು ದೊಡ್ಡದು ಮಾಡಿ ಕಣ್ಣು ಕಿರಿದು ಮಾಡಿ ನೋಡಿದೆ. ಹಸಿರು ಚೌಕದ ಕೆಳಗೆ ಅದು ಎಷ್ಟು ಹೊತ್ತು ನಡೆಯಿತು ಅಂತ ನಿಮಿಷ ಸೆಕೆಂಡುಗಳು ಇದ್ದವು. ಕೆಂಪಿನ ಕೆಳಗೂ ಇದ್ದವು, ಯಾಕೆಂದರೆ ಅದು ನಡೆದು ಬಿದ್ದಿತ್ತು. ಎರಡು ಬೂದು ಚೌಕಗಳ ಕೆಳಗೆ ಹೊತ್ತಿನ ಜಾಗದಲ್ಲಿ ಬರೀ ಒಂದೊಂದು ಅಡ್ಡ ಗೆರೆ. ಅವು ನಡೆದೇ ಇರಲಿಲ್ಲ. ಟೆಸ್ಟು ಬಿದ್ದ ಕೂಡಲೇ ಆ ಕಂಪ್ಯೂಟರು ಬುದ್ಧಿವಂತಿಕೆಯಿಂದ ಅಲ್ಲೇ ನಿಂತು, ಮುಂದಿನ ಎರಡನ್ನು ಮುಟ್ಟದೆ ಬಿಟ್ಟಿತ್ತು. ಟೆಸ್ಟಿನಲ್ಲಿ ಬಿದ್ದದ್ದನ್ನು ಕಟ್ಟಿ ಗಿರಾಕಿಗೆ ಕಳಿಸುವುದು ಬೇಡ ಅಂತಲೇ ಹಾಗೆ ಮಾಡಿಟ್ಟಿರುವುದು. ಉಮಾಪತಿಯ ಚೌಕ ಚೆನ್ನಾಗಿತ್ತು ಅಂತ ಆ ಚಿತ್ರ ಹೇಳುತ್ತಿರಲಿಲ್ಲ, ಕೆಟ್ಟಿತ್ತು ಅಂತಲೂ ಹೇಳುತ್ತಿರಲಿಲ್ಲ. ಅದರ ವಿಷಯ ಏನನ್ನೂ ಹೇಳುತ್ತಿರಲಿಲ್ಲ. ಆ ಹೊತ್ತಿಗೆ ಅವನು ಸೀಟಿನಲ್ಲಿ ಕೂತು ಮಾಡಬೇಕಾದ ಕೆಲಸ ಒಂದು ಕಾಸಿನಷ್ಟೂ ಇರಲಿಲ್ಲ. ಪ್ರಮೋದ್ ಟೆಸ್ಟನ್ನು ಸರಿ ಮಾಡುವವರೆಗೆ ಉಮಾಪತಿ ತಲೆಕೆಳಗಾಗಿ ನಿಂತರೂ ಆ ಬೂದು ಹಸಿರಾಗುತ್ತಿರಲಿಲ್ಲ.

ರೈಲಿಗೆ ಇನ್ನೂ ಹೊತ್ತಿತ್ತು. ಉಮಾಪತಿಯ ಮೊಬೈಲಿಗೆ ಮಾಡಿದೆ. ಬಡಿದುಕೊಂಡು ಬಡಿದುಕೊಂಡು ನಿಂತಿತು. ಕೆಲಸದ ಕೋಣೆಯೊಳಗೆ ಮೊಬೈಲು ಬೇಡ ಅಂತ ನಮ್ಮಲ್ಲಿ ಬಾಗಿಲ ಬಳಿ ಒಂದು ಬುಟ್ಟಿ ಇಟ್ಟಿದ್ದರು, ಎಲ್ಲರೂ ಅದರಲ್ಲಿ ಹಾಕಿ ಒಳಗೆ ಹೋಗಬೇಕು. ಅದೂ ರಾಮಮೋಹನ್ ಅವರದೇ ನಿಯಮ. ಕೊನೆಗೆ ಆಫೀಸಿನ ನಂಬರಿಗೆ ಮಾಡಿ, ರಾಮಮೋಹನ್ ಅವರನ್ನು ಮೀಟಿಂಗಿನಿಂದ ಎಬ್ಬಿಸಿ ಕರೆಸಿದೆ.

ನನಗೆ ಬಂದ ತೆಲುಗಿನಲ್ಲಿ, ಸಾಲದ ಕಡೆ ಇಂಗ್ಲಿಷು ಸೇರಿಸಿ, ಒಂದೇ ಉಸಿರಿಗೆ ಹೇಳಿದೆ. ಬಿದ್ದಿರುವುದು ಒಂದೇ ಹಂತ, ಉಳಿದೆರಡು ನಡೆದಿಲ್ಲ, ಉಮಾಪತಿಯನ್ನು ಕಳಿಸಿ, ಅವನ ಅಪ್ಪ ಸಾಯುವ ಹಾಗಿದ್ದಾರೆ, ಗೋದಾಮಿನವರಿಗೆ ಇವತ್ತು ನಮ್ಮ ಸಾಫ್ಟ್‌ವೇರು ಬೇಕಾಗಿಯೂ ಇಲ್ಲ. ಅವರು ಶಾಂತವಾಗಿ ಕೇಳಿಸಿಕೊಂಡರು. ಅವನ ಅಪ್ಪನ ವಿಷಯ ನನಗೆ ಗೊತ್ತು, ಹೊರಡಬೇಡ ಅಂತ ನಾನು ಹೇಳಿಲ್ಲ, ಚೌಕ ಹಸಿರು ಮಾಡಿ ಹೊರಡು ಅಂದಿದ್ದೇನೆ ಎಂದರು. ಅದು ಹಸಿರಾಗುವುದು ಅವನ ಕೈಯಲ್ಲಿಲ್ಲ ಎಂದೆ. ಕೆಟ್ಟಿಲ್ಲದಿದ್ದರೆ ಹಸಿರು ಯಾಕಿಲ್ಲ ಎಂದರು. ಹೇಳಿದೆ. ಮತ್ತೆ ಹೇಳಿದೆ. ಧ್ವನಿ ಏರಿತು, ಗೋದಾಮಿನವರು ಎಣಿಕೆ ಬಿಟ್ಟು ನನ್ನನ್ನೇ ನೋಡತೊಡಗಿದರು. ಕೊನೆಗೆ ರಾಮಮೋಹನ್, ಸರಿ, ಅವನನ್ನೇ ಕೇಳಿ, ತನ್ನದರಲ್ಲಿ ತಪ್ಪಿಲ್ಲ ಅಂತ ಅವನೇ ಹೇಳಿದರೆ ಈಗಲೇ ಕಳಿಸುತ್ತೇನೆ ಅಂತ ಉಮಾಪತಿಯನ್ನು ಕರೆಸಿದರು. ಇದಕ್ಕಿಂತ ನ್ಯಾಯದ ಮಾತು ಯಾವ ಮ್ಯಾನೇಜರೂ ಆಡಲಾರ. ಅದಕ್ಕೇ ಅವರು ಕೆಟ್ಟ ಮನುಷ್ಯನಲ್ಲ ಎಂದದ್ದು.

ಉಮಾಪತಿ ಫೋನು ಹಿಡಿದವನೇ ನನ್ನ ಮಾತಿಗೆ ಕಾಯಲಿಲ್ಲ.

"ಕಮಲಕ್ಕ, ನಂದೇ ತಪ್ಪು. ಸಿಕ್ಕಿದೆ. ಲಾಗ್‌ನಲ್ಲಿ ಬಂದಿದೆ. ಹತ್ತು ನಿಮಿಷದಲ್ಲಿ ಸರಿ ಮಾಡಿ ಸ್ಟೇಷನ್ನಿಗೆ ಓಡ್ತೀನಿ."

ಲಾಗ್ ಎಂದರೆ ಒಂದು ಹಂತ ನಡೆಯುವಾಗ ಕಂಪ್ಯೂಟರು ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ವರದಿ. ನಡೆಯದ ಹಂತಕ್ಕೆ ಲಾಗ್ ಎಲ್ಲಿಂದ ಬರಬೇಕು? ಆ ಪುಟದಲ್ಲಿ ಬೂದು ಚೌಕದ ಮೇಲೆ ಒತ್ತಿದರೆ, ಆ ಹಂತ ಹಿಂದೆ ಯಾವತ್ತು ನಡೆದಿತ್ತೋ ಆವತ್ತಿನ ಲಾಗ್ ತೆರೆದುಕೊಳ್ಳುತ್ತಿತ್ತು. ಇವನು ನಿನ್ನೆಯದನ್ನು ಓದುತ್ತಾ ಕೂತಿದ್ದ. ನಿನ್ನೆ ಆ ಚೌಕ ಹಸಿರಾಗಿತ್ತು.

"ಉಮಾಪತಿ, ಲಾಗಿನ ಮೇಲ್ಗಡೆ ತಾರೀಖು ನೋಡು. ಮೊದಲು ತಾರೀಖು ನೋಡು."

ನೋಡ್ತೀನಿ ಅಕ್ಕ, ನೋಡ್ತೀನಿ ಅಂದ. ಆ ಧ್ವನಿ ನನಗೆ ಗೊತ್ತು. ತಪ್ಪು ಸಿಕ್ಕಿತು ಅನ್ನುವ ಖುಷಿಯಲ್ಲಿ ಇರುವವನಿಗೆ ಬೇರೆ ಏನೂ ಕಿವಿಗೆ ಹೋಗುವುದಿಲ್ಲ. ಅಷ್ಟರಲ್ಲಿ ರಾಮಮೋಹನ್ ಫೋನು ತೆಗೆದುಕೊಂಡು, ಕೇಳಿದಿರಲ್ಲ ಎಂದು ಇಟ್ಟರು. ಮತ್ತೆ ಮಾಡಿದೆ. ಸರ್ ಮೀಟಿಂಗಿಗೆ ಹೋದರು, ಯಾರನ್ನೂ ಕರೆಯಬಾರದು ಅಂದಿದ್ದಾರೆ ಎಂದಳು ರಿಸೆಪ್ಷನ್ ಹುಡುಗಿ. ಅವಳಿಗೆ ಬೈದೆ. ಪಾಪ, ಅವಳೇನು ಮಾಡಿಯಾಳು.

ಆಮೇಲೆ ಆದದ್ದನ್ನು ವಿನಯ್ ಹೇಳಿದ. ನಿನ್ನೆಯ ಲಾಗಿನಲ್ಲಿ ಬಿಲ್ಲಿನ ಲೇಬಲ್ಲಿಗೆ ಸಂಬಂಧಿಸಿದ ಒಂದು ಫೈಲಿನ ಬಗ್ಗೆ ಎಚ್ಚರಿಕೆಯ ಸಾಲೊಂದಿತ್ತು. ಅದು ದಿನಾ ಬರುತ್ತಿತ್ತು, ಅದರಿಂದ ಏನೂ ಕೆಡುತ್ತಿರಲಿಲ್ಲ, ಯಾರೂ ಅದನ್ನು ಓದುತ್ತಿರಲಿಲ್ಲ. ಉಮಾಪತಿ ಅದೇ ರೋಗ ಅಂದುಕೊಂಡು ತನ್ನ ಸ್ಕ್ರಿಪ್ಟಿನಲ್ಲಿ ಆ ಫೈಲಿನ ದಾರಿ ಬದಲಾಯಿಸಿದ. ಬದಲಾಯಿಸಿ ಮತ್ತೆ ಓಡಿಸಿದ. ಟೆಸ್ಟ್ ಮತ್ತೆ ಕೆಂಪು, ಅವನದು ಮತ್ತೆ ಬೂದು. ಸಾಲಲಿಲ್ಲ ಅಂದುಕೊಂಡು ಇನ್ನೇನನ್ನೋ ಬದಲಾಯಿಸಿದ. ಮತ್ತೆ ಬೂದು. ಹೀಗೆ ಒಳ್ಳೆಯ ಸ್ಕ್ರಿಪ್ಟನ್ನು ಒಂದೊಂದೇ ಕಡೆ ಬಿಚ್ಚುತ್ತಾ ಹೋದ.

ಪಕ್ಕದಲ್ಲಿ ಪ್ರಮೋದ್ ನಿಜವಾದ ಕೆಂಪಿನ ಮುಂದೆ ತಲೆ ಚಚ್ಚಿಕೊಳ್ಳುತ್ತಿದ್ದ. ಹಿಂದಿನ ದಿನ ಯಾರು ಏನು ಬದಲಾಯಿಸಿದರು ಅಂತ ಹುಡುಕುತ್ತಿದ್ದ, ಯಾರೂ ಏನೂ ಬದಲಾಯಿಸಿರಲಿಲ್ಲ. ಅವಧಿ ಮುಗಿಯದ ಮಾತ್ರೆಯನ್ನು ಮಾರಲು ಸಾಫ್ಟ್‌ವೇರು ಬಿಡುತ್ತದೆಯೇ ಅಂತ ನೋಡುವ ಟೆಸ್ಟದು. ಅದಕ್ಕೆ ಮಾದರಿಯಾಗಿ ಯಾರೋ ವರ್ಷದ ಹಿಂದೆ ಒಂದು ಸುಳ್ಳು ಮಾತ್ರೆ ಸೃಷ್ಟಿಸಿ, ಅದರ ಅವಧಿ ಎರಡು ಸಾವಿರದ ಒಂಬತ್ತರ ಜೂನ್ ಕೊನೆ ಅಂತ ಬರೆದಿದ್ದರು. ಜುಲೈ ಹುಟ್ಟಿತು, ಮಾತ್ರೆಯ ಅವಧಿ ಮುಗಿಯಿತು, ಸಾಫ್ಟ್‌ವೇರು ಮಾರುವುದಿಲ್ಲ ಎಂದಿತು, ಟೆಸ್ಟು ಬಿತ್ತು. ಸಾಫ್ಟ್‌ವೇರು ಸರಿಯಾಗಿಯೇ ಇತ್ತು. ಒಂದು ತಾರೀಖು ಮುಂದಕ್ಕೆ ಹಾಕಿದರೆ ಮುಗಿಯುವ ಕೆಲಸ. ಇದು ಪ್ರಮೋದನಿಗೆ ಹೊಳೆದಾಗ ರತ್ನಾಚಲ್ ವಿಶಾಖಪಟ್ಟಣ ಬಿಟ್ಟು ತುನಿ ಸ್ಟೇಷನ್ನನ್ನೂ ದಾಟಿತ್ತು.

ದೀಪಿಕಾ ವಿಶಾಖಪಟ್ಟಣ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ಗಂಡನ ಬಟ್ಟೆಯ ಬ್ಯಾಗು ಹಿಡಿದು ನಿಂತಿದ್ದಳು. ಮಾವ ನೋಡುತ್ತಾರೆ ಅಂತ ಮದುವೆಯ ಸೀರೆ ಉಟ್ಟಿದ್ದಳು. ರೈಲು ಬಂದು, ನಿಂತು, ಹೊರಟದ್ದನ್ನು ನೋಡಿದಳು. ಗಂಡನ ಮೊಬೈಲು ಬುಟ್ಟಿಯೊಳಗೆ ಬಡಿದುಕೊಳ್ಳುತ್ತಿತ್ತು.

ಮಧ್ಯಾಹ್ನದ ಮೇಲೆ ಟೆಸ್ಟ್ ಹಸಿರಾಯಿತು. ಪ್ಯಾಕೇಜ್ ಹಂತಕ್ಕೆ ಆ ದಿನ ಮೊದಲ ಸಲ ಸರದಿ ಬಂತು. ಉಮಾಪತಿ ಮಾಡಿದ ರಿಪೇರಿಗಳ ದೆಸೆಯಿಂದ ಅದು ನಿಜವಾಗಿಯೇ ಕೆಂಪಾಯಿತು. ನೋಡಿದಿರಾ, ನಾನು ಹೇಳಲಿಲ್ಲವೇ ಅಂತ ರಾಮಮೋಹನ್ ಅಂದರಂತೆ. ಉಮಾಪತಿಯೂ ಹೌದು ಸರ್ ಅಂದನಂತೆ. ತಾನೇ ಬಿಚ್ಚಿದ್ದನ್ನು ಒಂದೊಂದಾಗಿ ತಾನೇ ಜೋಡಿಸಿ ಹಸಿರು ಮಾಡುವ ಹೊತ್ತಿಗೆ ಗುಡ್ಡದ ಕೆಳಗೆ ದೀಪ ಹತ್ತಿದ್ದವು. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಓಡಿ, ದೀಪಿಕಾಳನ್ನು ಕೂಡಿಕೊಂಡು, ಸಿಕ್ಕಿದ ಬಸ್ಸು ಹತ್ತಿದ.

ನಾನು ಸಂಜೆ ಆಸ್ಪತ್ರೆಗೆ ವಾಪಸು ಹೋಗಿದ್ದೆ. ಸರ್ಜನ್ ಬಂದಿದ್ದರು. ಇನ್ನು ತಡ ಮಾಡುವಂತಿಲ್ಲ ಎಂದರು. ಅನ್ನಪೂರ್ಣ ಅಪ್ಪನಿಗೆ ಹೇಗೆ ಹೇಳುವುದು ಅಂತ ಗೊತ್ತಾಗದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಬಾಯಿ ಮುಚ್ಚಿಕೊಂಡರೆ ಅಪ್ಪನಿಗೆ ಏನೂ ತಿಳಿಯುವುದಿಲ್ಲ ಎಂಬುದೂ ಅವಳಿಗೆ ಮರೆತಿತ್ತು. ನಾನೇ ಎದುರು ನಿಂತು, ಮಗ ಬರುವುದು ತಡವಾಯಿತು ಎಂದೆ. ದೊಡ್ಡಯ್ಯ ನನ್ನ ತುಟಿಯನ್ನು ಬಹಳ ಹೊತ್ತು ನೋಡಿದರು, ಇನ್ನೂ ಏನೋ ಬರುತ್ತದೆ ಅನ್ನುವ ಹಾಗೆ.

"ಕೆಲ್ಸ ಇತ್ತಾ ಅವ್ನಿಗೆ?"

ಇತ್ತು ಎಂದೆ. ಕೆಲಸ ಬಿಟ್ಟು ಬರಬಾರದು ಬಿಡಮ್ಮ, ಮಿಲ್ಲಿನಲ್ಲಿ ನಮಗೂ ಹಂಗೇ ಇತ್ತು ಎಂದರು. ಸ್ಟ್ರೆಚರು ತಳ್ಳುವವರು ಬಂದರು. ಹೇಳುವುದನ್ನು ನನಗೆ ಹೇಳಿ, ನಾನು ತಿಳಿಸುತ್ತೇನೆ ಅಂತ ಇನ್ನೊಮ್ಮೆ ಕೇಳಿದೆ. ಕೈ ಆಡಿಸಿ ಬೇಡ ಎಂದರು. ಬಾಗಿಲು ಮುಚ್ಚಿತು. ಅವರು ಆಪರೇಷನ್ ಮೇಜಿನಿಂದ ಬದುಕಿ ಇಳಿಯಲಿಲ್ಲ.

ಉಮಾಪತಿ ಮತ್ತು ದೀಪಿಕಾ ಬಂದಾಗ ಬೆಳಕು ಹರಿದಿತ್ತು. ಆಟೋದಿಂದ ಇಳಿದು ಅಕ್ಕನ ಮುಖ ನೋಡಿದ ಕೂಡಲೇ ಅವನಿಗೆ ತಿಳಿಯಿತು. ಒಳಗೆ ಹೋಗಿ ಅಪ್ಪನ ಪಾದದ ಮೇಲೆ ತಲೆಯಿಟ್ಟು ಅತ್ತ. ದೀಪಿಕಾ ಬಾಗಿಲ ಹೊರಗೇ ನಿಂತಳು. ಬಾ ಅಂತ ಅನ್ನಪೂರ್ಣ ಕೈ ಹಿಡಿದು ಎಳೆದಳು, ಅವಳು ಹೆಜ್ಜೆ ಎತ್ತಲಿಲ್ಲ. ಕರೆಯಬೇಕಾದವರು ಕರೆಯದೆ ಹೇಗೆ ಒಳಗೆ ಬರುವುದು ಎಂಬಂತೆ ಇತ್ತು ಅವಳ ಮುಖ. ನನಗೆ ಆ ಹುಡುಗಿಯನ್ನು ನೋಡಲಾಗಲಿಲ್ಲ.

ಅನ್ನಪೂರ್ಣಳ ಗಂಡ ಗಾಡಿ ತರಲು ಹೋದ. ಉಮಾಪತಿ ಹೊರಗೆ ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತ. ಆಫೀಸಿನ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಅಪ್ಪ ನನಗೆ ಏನಾದರೂ ಹೇಳಿ ಹೋದರಾ ಅಂತ ಕೇಳಿದ. ನಿನಗೇ ಹೇಳಬೇಕು ಅಂದರು, ನನಗೆ ಹೇಳಲಿಲ್ಲ ಎಂದೆ.

"ಹಂಗಾರೆ ಅಪ್ಪ ನನ್ನ ಕ್ಷಮಿಸ್ಲಿಲ್ಲ."

ಅವನು ನೀರು ತುಂಬಿದ ಕಣ್ಣಲ್ಲೇ ತನಗೆ ತಾನೇ ಸಮಾಧಾನ ಹೇಳಿಕೊಳ್ಳತೊಡಗಿದ. ಏನು ಮಾಡುವುದು ಅಕ್ಕ, ನನ್ನ ಬಾಕ್ಸೇ ಕೆಟ್ಟಿತ್ತು, ಬಿಟ್ಟು ಬರುವ ಹಾಗಿರಲಿಲ್ಲ, ಸರಿ ಮಾಡಿಯೇ ಬಂದೆ ಎಂದ. ನಾನು ಹೌದಪ್ಪ ಎಂದೆ. ಟೆಸ್ಟಿಂಗ್ ಕೆಲಸಕ್ಕೆ ಬಂದ ಮೇಲೆ ಕೆಟ್ಟಿಲ್ಲದ್ದನ್ನು ಕೆಟ್ಟಿತ್ತು ಎಂದದ್ದು ಅದೇ ಮೊದಲು. ಅಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅವನು ರಾತ್ರಿಯೆಲ್ಲ ಬಸ್ಸಿನಲ್ಲಿ ಎಚ್ಚರವಿದ್ದು ಬಂದವನು.

"ಅಕ್ಕ, ನಿನ್ನೆ ಫೋನಲ್ಲಿ ತಾರೀಖು ನೋಡು ಅಂದ್ರಿ. ನಾನು ನೋಡ್ಲಿಲ್ಲ. ಯಾವ ತಾರೀಖಿತ್ತು ಅದ್ರಲ್ಲಿ?"

ಸುಳ್ಳು ಹೇಳಬೇಕು ಅಂತಲೇ ಬಾಯಿ ತೆರೆದೆ. ಅವನು ಅಪ್ಪನ ಹಾಗೆಯೇ ನನ್ನ ತುಟಿಯನ್ನೇ ನೋಡುತ್ತಿದ್ದ. ನನ್ನಿಂದ ಆಗಲಿಲ್ಲ. ಜೂನ್ ಮೂವತ್ತು ಎಂದೆ.

ಅವನು ಬುದ್ಧಿವಂತ, ಬಿಡಿಸಿ ಹೇಳಬೇಕಾಗಲಿಲ್ಲ. ಹಸಿರು, ಕೆಂಪು, ಬೂದು, ಬೂದು ಅಂತ ಬೆರಳಿನಿಂದ ಮೆಟ್ಟಿಲ ಮೇಲೆ ನಾಲ್ಕು ಚೌಕ ಎಳೆದ. ಕೆಂಪಿನ ಮೇಲೆ ಬೆರಳು ನಿಂತಿತು. ಅಲ್ಲಿಂದ ಮುಂದಿನದಕ್ಕೆ ಹೋಗಲಿಲ್ಲ.

"ನಂದು ಓಡೇ ಇರ್ಲಿಲ್ಲ."

"ಇಲ್ಲ."

"ನಾನು ಹೊರಡಬಹುದಿತ್ತು."

"ಹ್ಞೂಂ."

ಅಳುತ್ತಾನೆ ಅಂದುಕೊಂಡೆ. ಅಳಲಿಲ್ಲ. ಅಪ್ಪನ ಎದುರು ನಿಲ್ಲಲು ನನಗೆ ಭಯ ಇತ್ತು ಅಕ್ಕ, ನನ್ನ ಹೆಸರಿನ ಬಾಕ್ಸು ಹಸಿರಿಲ್ಲ ಅಂತ ಕಂಡಾಗ ಎಲ್ಲೋ ಒಂದು ಕಡೆ ಒಳ್ಳೆಯದೇ ಆಯಿತು ಅನ್ನಿಸಿತ್ತು, ಅದಕ್ಕೇ ಇರಬೇಕು ತಾರೀಖು ನೋಡಲಿಲ್ಲ ಎಂದ. ಇದನ್ನು ಅವನು ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದ. ಆ ಕ್ಷಣ ರಾಮಮೋಹನ್ ಎದುರಿಗೆ ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಇವನ ಸಿಟ್ಟೂ ಸೇರಿ ನನ್ನೊಳಗೇ ಉರಿಯಿತು.

ಇನ್ನೊಂದು ಮಾತನ್ನು ನಾನೇ ಹೇಳಿದೆ. ಹೇಳದೆ ಇರಲಾಗಲಿಲ್ಲ.

"ಅಪ್ಪ ಕ್ಷಮಿಸಲಿಲ್ಲ ಅಂದ್ಯಲ್ಲ, ಹಂಗನ್ಬೇಡ ಉಮಾಪತಿ. ಅವರು ಇಲ್ಲ ಅನ್ಲಿಲ್ಲ. ಆ ಮಾತಿಗೆ ಸರದೀನೇ ಬರಲಿಲ್ಲ."

ಅವನು ನನ್ನ ಕಡೆ ತಿರುಗಿದ. ಕಣ್ಣಿನಲ್ಲಿ ಏನೋ ಆಸೆ ಹುಟ್ಟಿದ ಹಾಗೆ ಕಂಡಿತು, ಹುಟ್ಟಿದಷ್ಟೇ ಬೇಗ ಅದು ಹೋಯಿತು.

"ಆಫೀಸಲ್ಲಾದ್ರೆ ಕೆಂಪು ಸರಿಮಾಡಿ ಮತ್ತೆ ಓಡಿಸ್ತೀವಿ. ಆಗ ಗೊತ್ತಾಗುತ್ತೆ. ಇದು ಯಾವತ್ತೂ ಗೊತ್ತಾಗಲ್ಲ ಅಲ್ವಾ ಅಕ್ಕ?"

ಇಲ್ಲಪ್ಪ ಎಂದೆ. ಗಾಡಿ ಬಂತು. ಉಮಾಪತಿ ಎದ್ದು ಹೋಗಿ, ಬಾಗಿಲ ಹೊರಗೆ ನಿಂತಿದ್ದ ದೀಪಿಕಾಳ ಕೈ ಹಿಡಿದು, ಅವಳನ್ನು ಅಪ್ಪನ ಹತ್ತಿರ ಒಳಗೆ ಕರೆದುಕೊಂಡು ಹೋದ.